ಮೂರು ಸಲ ಹೇಳಿಸುವ ಮಾತು

“ಇನ್ನೊಂದು ಸಲ ಪ್ರಯತ್ನಿಸಿ,” ಎಂದು ಬೃಂದಾ ಲ್ಯಾಪ್‌ಟಾಪಿನತ್ತ ಬಾಗಿ ಇಂಗ್ಲಿಷಿನಲ್ಲಿ ಹೇಳಿದಳು. “ಅವಸರವಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ.”

ಪರದೆಯ ಮೇಲಿದ್ದ ಹೆಂಗಸು ಒಂದು ಸಲವೂ ಹೇಳಿರಲಿಲ್ಲ. ಅವಳ ತುಟಿ ಸ್ವಲ್ಪ ತೆರೆದುಕೊಂಡಿತ್ತು. ಅವಳ ಹಿಂದೆ, ಬೆಲ್ಟು ಕಟ್ಟಿದ ಕುರ್ಚಿಯಲ್ಲಿ ಕೂತಿದ್ದ ಆರು ವರ್ಷದ ಹುಡುಗ ಕೆಂಪು ಬಸ್ಸೊಂದನ್ನು ಹಿಡಿಯಲು ಕೈ ಚಾಚುತ್ತಿದ್ದ, ಕೈ ಬೇರೆಯೇ ದಿಕ್ಕಿಗೆ ಹೋಗುತ್ತಿತ್ತು. ಆಮೇಲೆ ಹೆಂಗಸಿನ ಅಂಗೈ ಕ್ಯಾಮೆರಾದ ಕಡೆಗೆ ಬಂತು. ದೊಡ್ಡದಾಗುತ್ತ ಬಂತು. ಪರದೆ ಕಪ್ಪಾಯಿತು.

ನೆಟ್ ಹೋಯಿತೆಂದುಕೊಂಡಳು ಬೃಂದಾ. ಮದರಾಸಿನ ಕ್ರೋಂಪೇಟೆಯಲ್ಲಿ ಅವಳಿದ್ದ ಹೆಂಗಸರ ಹಾಸ್ಟೆಲಿನಲ್ಲಿ ಮಧ್ಯಾಹ್ನ ನೆಟ್ ಹೋಗುವುದು ಹೊಸದೇನಲ್ಲ. ಮುಖದ ಮೇಲಿನ ನಗುವನ್ನು ಹಾಗೆಯೇ ಇಟ್ಟುಕೊಂಡು ಕಾದಳು. ಎರಡು ನಿಮಿಷ, ಐದು ನಿಮಿಷ. ಕಪ್ಪು ಪರದೆಯಲ್ಲಿ ಅವಳದೇ ಮುಖ ಕಾಣುತ್ತಿತ್ತು, ಹಲ್ಲು ಬಿಟ್ಟುಕೊಂಡು.

ಬೃಂದಾ ಮಳವಳ್ಳಿಯವಳು, ಫಿಸಿಯೊಥೆರಪಿಸ್ಟ್. ನಾಲ್ಕು ವರ್ಷ ಮಾಧವರಂನ ಒಂದು ಕೇಂದ್ರದಲ್ಲಿ, ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡ ಮಕ್ಕಳ ಜೊತೆ ಕೆಲಸ ಮಾಡಿದ್ದಳು. ಈಗ ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿ ಅಂಥದೇ ಮಕ್ಕಳ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ವೃತ್ತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಎರಡು ವರ್ಷ ಹಿಡಿದಿತ್ತು. ವೀಸಾ ಬಂದಾಗಿತ್ತು. ಇಲ್ಲಿನ ಕೆಲಸ ಬಿಟ್ಟಾಗಿತ್ತು. ವಿಮಾನಕ್ಕೆ ಇನ್ನು ಹನ್ನೊಂದು ದಿನ. ಹೋಗುವ ಮೊದಲೇ ಒಂದೆರಡು ಮನೆಯವರ ಪರಿಚಯವಾಗಲಿ ಎಂದು ಕ್ಲಿನಿಕ್ಕಿನ ಮ್ಯಾನೇಜರು ಈ ವಿಡಿಯೋ ಕರೆ ಏರ್ಪಡಿಸಿದ್ದರು. ಆಕೆ ಪರಿಚಯ ಮಾಡಿಸಿ, “ನೀವಿಬ್ಬರೂ ಮಾತಾಡಿಕೊಳ್ಳಿ” ಎಂದು ಹೊರಟುಹೋಗಿದ್ದರು. ಆ ತಾಯಿಯ ಹೆಸರು ರೇಚಲ್. ಮಗ ಟಾಬಿ.

ಮಾತು ಚೆನ್ನಾಗಿಯೇ ಶುರುವಾಗಿತ್ತು. ಟಾಬಿಯ ನಿದ್ದೆ, ಊಟ, ಹಿಮ್ಮಡಿ ನೆಲಕ್ಕೆ ತಾಗದ ಕಾಲು. ನಡುವೆ ರೇಚಲ್, “ಕೆಲವು ದಿನ ನನಗೆ ಇದನ್ನು ಯಾರಿಗೂ ಹೇಳಿಕೊಳ್ಳಲೂ ಆಗುವುದಿಲ್ಲ” ಎಂದು ಕಣ್ಣು ಒರೆಸಿಕೊಂಡಳು. ಬೃಂದಾಳಿಗೆ ಕರುಳು ಚುರುಕ್ಕೆಂದಿತು. ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿಯಿದೆ, ಎಂದಳು. ಹೊಸದಾಗಿ ಬಂದ ತಾಯಂದಿರು ಅದನ್ನು ಮೂರು ಸಲ ಗಟ್ಟಿಯಾಗಿ ಹೇಳುತ್ತಾರೆ, ನಾಚಿಕೆ ಹೊರಟುಹೋಗುತ್ತದೆ. ನೀವೂ ಹೇಳಿ. ನನ್ನ ಮಗ ಒಬ್ಬ ಸ್ಪಾಸ್ಟಿಕ್.

ಐದೂವರೆಗೆ ಶ್ರೀನಾಥನ ಫೋನು ಬಂತು. ವಿದೇಶಕ್ಕೆ ನರ್ಸು, ಫಿಸಿಯೊಗಳನ್ನು ಕಳಿಸುವ ಏಜೆನ್ಸಿ ನಡೆಸುವ ಶ್ರೀನಾಥ್ ಹಾಸನದ ಕಡೆಯವನು, ಕನ್ನಡದವಳೆಂದು ಬೃಂದಾಳ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಇವತ್ತು ಹಲೋ ಕೂಡ ಇಲ್ಲ.

“ಬೃಂದಾ, ಆ ಯಮ್ಮನ್ ಹತ್ರ ಏನ್ರೀ ಅಂದ್ರಿ?”

“ಏನಿಲ್ಲ ಸರ್. ನೆಟ್ ಕಟ್ಟಾಯ್ತು.”

“ನೆಟ್ ಕಟ್ಟಾಗಿಲ್ಲ ಕಣ್ರೀ. ನಿಮ್ ಕತ್ತೇ ಕಟ್ಟಾಗೋ ಹಾಗಿದೆ. ಮಗೂ ಮುಂದೇನೇ ಮಗೂಗೆ ಬೈದ್ರಂತೆ. ಅವ್ಳ ಕೈಲೂ ಬೈಸಕ್ಕೆ ನೋಡಿದ್ರಂತೆ. ಮೂರ್ ಸಲ! ನಾಳೆ ಹನ್ನೆರಡಕ್ಕೆ ಆಫೀಸಿಗೆ ಬನ್ನಿ.”

ಬೈದೆನೆ? ಬೃಂದಾ ಹಾಸಿಗೆಯ ಅಂಚಿನಲ್ಲಿ ಕೂತು ತಾನಾಡಿದ ಒಂದೊಂದು ಮಾತನ್ನೂ ಹೆಕ್ಕಿ ನೋಡಿದಳು, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ. ಕಲ್ಲು ಸಿಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಬೈದವಳಿಗೆ ಬೈದದ್ದು ಗೊತ್ತಿರಬೇಕಲ್ಲವೆ? ಗೊತ್ತಿಲ್ಲದೆ ಬೈಯುವ ಬಾಯನ್ನು ನಂಬುವುದು ಹೇಗೆ?

ಮರುದಿನ ಲೋಕಲ್ ಟ್ರೈನಿನಲ್ಲಿ ಮಾಂಬಲಂ ತನಕ ನಿಂತೇ ಹೋದಳು. ಪಕ್ಕದ ಹುಡುಗಿಯೊಬ್ಬಳು ಕಾಲು ತುಳಿದು “ಸಾರಿ” ಅಂದಾಗ “ಇಟ್ಸ್ ಓಕೆ” ಎನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಅದರಲ್ಲೂ ಏನಾದರೂ ಇದ್ದರೆ?

ಶ್ರೀನಾಥನ ಆಫೀಸು ಟಿ. ನಗರದಲ್ಲಿ, ಸೀರೆಯಂಗಡಿಯೊಂದರ ಮೂರನೇ ಮಹಡಿಯಲ್ಲಿ. ಅಲ್ಲಿ ಕೋಮಲಾ ಮೇಡಂ ಮೊದಲೇ ಬಂದು ಕೂತಿದ್ದರು. ಇಂಗ್ಲಿಷ್ ಕಲಿಸುವವರು, ಗಂಡನ ಕೆಲಸಕ್ಕೆಂದು ಒಂಬತ್ತು ವರ್ಷ ನ್ಯೂಜೆರ್ಸಿಯಲ್ಲಿ ಇದ್ದು ಬಂದವರು. ಹೊರಡುವವರಿಗೆಲ್ಲ ಅವರದೊಂದು ಪಾಠವಿತ್ತು, ಆಡಬಾರದ ಮಾತುಗಳ ಪಾಠ. ಅವತ್ತು ಎಲ್ಲರೂ ಬಿದ್ದುಬಿದ್ದು ನಕ್ಕಿದ್ದರು. ಇಲ್ಲೂ ಇಂಗ್ಲೆಂಡಿನಲ್ಲೂ ಪೆನ್ಸಿಲ್ ಅಳಿಸುವ ರಬ್ಬರು ಅಮೆರಿಕದಲ್ಲಿ ಕಾಂಡೋಮು. ಅಮೆರಿಕದವರು ಸೊಂಟಕ್ಕೆ ಕಟ್ಟುವ ಚೀಲವನ್ನು ಫ್ಯಾನಿ ಪ್ಯಾಕ್ ಅಂದರೆ, ಇಂಗ್ಲೆಂಡಿನ ಹೆಂಗಸರು ಮುಖ ತಿರುಗಿಸುತ್ತಾರೆ, ಅಲ್ಲಿ ಫ್ಯಾನಿ ಎಂದರೆ ಹೆಣ್ಣಿನ ಗುಪ್ತಾಂಗ. ಆಸ್ಟ್ರೇಲಿಯಾದಲ್ಲಿ, ಹುರಿದುಂಬಿಸುವ ಅರ್ಥದಲ್ಲಿ, ನಾನು ಆ ತಂಡಕ್ಕೆ ‘ರೂಟ್’ ಮಾಡುತ್ತೇನೆ ಅಂದರೆ ಇಡೀ ತಂಡದ ಜೊತೆ ಮಲಗಿದ ಹಾಗೆ. ಮೂರು ಪುಟದ ಪಟ್ಟಿ. ಬೃಂದಾ ಅದನ್ನು ಬಾಯಿಪಾಠ ಮಾಡಿದ್ದಳು. ಇವತ್ತು ಅವಳು ಕೂರುತ್ತಲೇ ಕೋಮಲಾ, ಆ ತಾಯಿ ಬೈಗುಳ ಎಂದದ್ದು ಸ್ಪಾಸ್ಟಿಕ್ ಎಂಬ ಮಾತನ್ನು, ಎಂದರು.

“ಅದು ಪಟ್ಟೀಲಿ ಇರ್ಲಿಲ್ಲ ಮೇಡಂ,” ಎಂದಳು ಈಗ.

“ಇರ್ಲಿಲ್ಲ. ನನ್ ತಪ್ಪು,” ಕೋಮಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಮೆರಿಕದಲ್ಲಿ ಅದನ್ನ ಚಿಕ್ಕದು ಮಾಡಿ ಸ್ಪಾಜ್ ಅಂತ ಹುಡುಗ್ರು ಒಬ್ಬರಿಗೊಬ್ರು ಹೇಳ್ಕೋತಿದ್ರು. ಎಡವಟ್ಟು ಅನ್ನೋ ಹಾಗೆ. ಅಲ್ಲೂ ಒಳ್ಳೇ ಮಾತಲ್ಲ, ಆದ್ರೆ ಯಾರೂ ಬೆಚ್ಚಿ ಬೀಳ್ತಿರ್ಲಿಲ್ಲ. ಇಂಗ್ಲೆಂಡಲ್ಲಿ ಹಾಗಲ್ಲಮ್ಮ. ರಾತ್ರಿ ಓದ್ಕೊಂಡು ಕೂತಿದ್ದೆ. ಅಲ್ಲಿ ಒಂದು ತಲೆಮಾರಿನ ಮಕ್ಕಳು ಶಾಲೆ ಮೈದಾನದಲ್ಲಿ ಕುಂಟೋರನ್ನ, ತೊದಲೋರನ್ನ ಅದೇ ಮಾತಲ್ಲಿ ಅಟ್ಟಾಡಿಸಿದ್ದಾರೆ. ಆ ಹೆಸರು ಇಟ್ಕೊಂಡಿದ್ದ ಅವ್ರ ದೊಡ್ಡ ಸಂಸ್ಥೆನೇ ಮೂವತ್ತು ವರ್ಷದ ಹಿಂದೆ ಹೆಸರು ಬದಲಾಯಿಸ್ಕೊಂಡಿದೆ. ಅದಕ್ಕಿಂತ ಕೆಟ್ಟ ಮಾತು ಆ ಮಕ್ಕಳ ಪಾಲಿಗೆ ಇನ್ನೊಂದಿಲ್ಲ ಅಂತಾರೆ.”

“ಆದ್ರೆ ಮೇಡಂ, ನನ್ನ ಟೆಕ್ಸ್ಟ್ ಬುಕ್ಕಲ್ಲೇ ಇದೆ. ಇಂಗ್ಲೆಂಡಿನೋರೇ ಬರ್ದಿದ್ದು. ಸ್ಪಾಸ್ಟಿಕ್ ಮಸಲ್, ಸ್ಪಾಸ್ಟಿಕ್ ಡೈಪ್ಲೀಜಿಯಾ...”

“ಕಾಲಿಗೆ ಹೇಳ್ಬಹುದು,” ಎಂದರು ಕೋಮಲಾ. “ಮಗೂಗೆ ಹೇಳೋ ಹಾಗಿಲ್ಲ.”

ರೇಚಲಳ ಅರ್ಧ ತೆರೆದ ತುಟಿ ಬೃಂದಾಳ ಕಣ್ಣ ಮುಂದೆ ಬಂತು. ಅದು ನಾಚಿಕೆಯೆಂದುಕೊಂಡಿದ್ದಳಲ್ಲ, ನಿಧಾನವಾಗಿ, ಅವಸರವಿಲ್ಲ, ಎಂದು ಹುರಿದುಂಬಿಸಿದ್ದಳಲ್ಲ.

ಶ್ರೀನಾಥ್ ಇವರಿಬ್ಬರ ಮಾತು ಮುಗಿಯಲೆಂದು ಪೆನ್ನಿನ ಗುಂಡಿಯನ್ನು ಟಕಟಕ ಒತ್ತುತ್ತ ಕೂತಿದ್ದ. “ಪಾಠ ಆಯ್ತಾ? ಈಗ ಕೇಳಿ. ಇವತ್ತು ಮಧ್ಯಾಹ್ನ ಮೂರೂವರೆಗೆ, ಅವರ ಹನ್ನೊಂದು ಗಂಟೆಗೆ, ಮ್ಯಾನೇಜರ್ ಕಾಲ್ ಮಾಡ್ತಾರೆ. ಎರಡೇ ದಾರಿ. ಒಂದು, ನೀವೇ ಬೇಕಂತ ಅಂದ್ರಿ ಅಂತ ಅವ್ರು ತೀರ್ಮಾನ ಮಾಡಿದ್ರೆ ಸ್ಪಾನ್ಸರ್‌ಶಿಪ್ ವಾಪಸ್. ಅದು ಹೋದ್ರೆ ವೀಸಾ ಹೋಯ್ತು. ಆ ತಾಯಿ ಮಂಡಳೀಗೂ ದೂರು ಕೊಟ್ರೆ ನಿಮ್ ನೋಂದಣಿ ಮೇಲೇ ವಿಚಾರಣೆ. ಆ ಕಡೆ ಯಾವ ಕ್ಲಿನಿಕ್ಕೂ ಮೂಸಿ ನೋಡಲ್ಲ.”

“ಇನ್ನೊಂದು?”

ಅವನು ಟೈಪು ಮಾಡಿದ ಹಾಳೆಯೊಂದನ್ನು ಅವಳತ್ತ ತಳ್ಳಿದ. “ನಿಮ್ಗೆ ಅದು ಹಳೇ ಕೆಲ್ಸದೋರು ಕಲ್ಸಿದ್ದು. ತಾಯಂದಿರ ಕೈಲಿ ಹೇಳಿಸ್ಬೇಕು ಅನ್ನೋದು ಅಲ್ಲಿನ ರೂಲ್ಸು, ನೀವು ಪಾಲಿಸಿದ್ರಿ. ಹಾಗಂತ ಕೇಂದ್ರದ ಮುಖ್ಯಸ್ಥೆ ಒಪ್ಕೊಂಡು ವಿಷಾದ ಅಂತ ಒಂದು ಸೈನ್ ಹಾಕಿದ್ರೆ ಸಾಕು. ಮ್ಯಾನೇಜರ್ ಹತ್ರ ಬೆಳಿಗ್ಗೆ ಮೆಸೇಜಲ್ಲಿ ಮಾತಾಡಿದೀನಿ. ಟ್ರೈನಿಂಗ್ ಸಮಸ್ಯೆ ಅಂತ ಬರ್ಕೋತಾರೆ, ಅಲ್ಲಿಗೆ ಹೋದ್ಮೇಲೆ ಒಂದು ವಾರ ಕ್ಲಾಸು, ಮುಗೀತು. ಮೂರು ಗಂಟೆ ಒಳಗೆ ಸ್ಕ್ಯಾನ್ ಮಾಡಿ ಕಳಿಸಿ.”

“ಸುಮಿತ್ರಮ್ಮಂಗೆ ನಾನು ಹೆಂಗೆ ಸರ್...”

“ಹೆಂಗೆ ಅಂದ್ರೆ? ಅದು ಅವ್ರ ಪದ್ಧತಿ ಅಲ್ವೇನ್ರೀ? ಸುಳ್ಳು ಬರ್ದಿದೀನಾ?”

ಬೃಂದಾ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡಳು.

ಮೆಟ್ರೋ ಕೆಲಸದ ಬ್ಯಾರಿಕೇಡುಗಳ ನಡುವೆ ಆಟೊ ನಿಂತು ನಿಂತು ಮಾಧವರಂ ಮುಟ್ಟಿದಾಗ ಎರಡೂಕಾಲು ಗಂಟೆ. ಹಾಲಿನ ಡೇರಿಯ ಹುಳಿವಾಸನೆ, ಆಮೇಲೆ ಬಲಕ್ಕೆ ಕಾಲೊನಿಯ ರಸ್ತೆ, ಕೊನೆಗೆ ಕೇಂದ್ರದ ಗೇಟು, ಅದರ ಮೇಲೆ ಬೋರ್ಡು. ನಾಲ್ಕು ವರ್ಷ ದಿನಾ ಅದರ ಕೆಳಗೆ ಹಾದುಹೋಗಿದ್ದಳು, ತಲೆಯೆತ್ತಿ ನೋಡಿರಲಿಲ್ಲ. ಈಗ ನೋಡಿದಳು. ಮೇಲೆ ತಮಿಳು, ಕೆಳಗೆ ಇಂಗ್ಲಿಷು, ಮೊಳದುದ್ದದ ನೀಲಿ ಅಕ್ಷರ. ಕೇಂದ್ರದ ಹೆಸರಿನಲ್ಲೇ ಆ ಮಾತು ಇತ್ತು. ಅವಳ ಅನುಭವ ಪತ್ರದ ತಲೆಯ ಮೇಲೆ ಇತ್ತು. ಅವಳು ಇಂಗ್ಲೆಂಡಿಗೆ ಕಳಿಸಿದ ಪ್ರತಿಯೊಂದು ಕಾಗದದಲ್ಲಿ ಇತ್ತು. ಇಷ್ಟು ದಿನ ಅಲ್ಲಿ ಯಾರೋ ಅದನ್ನು ಓದುತ್ತಿದ್ದರು, ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು.

ಆ ಬೋರ್ಡಿನ ಕತೆ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಸುಮಿತ್ರಮ್ಮ ದಾವಣಗೆರೆ ಕಡೆಯ ಶರಣರ ಮನೆಯವರು. ಗಂಡ ರೇವಣಸಿದ್ದಪ್ಪನವರ ಕಬ್ಬಿಣದ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ನಲವತ್ತು ವರ್ಷ. ಮಗ ಶಿವರಂಜನ್ ಹುಟ್ಟಿ ವರ್ಷವಾದರೂ ಕತ್ತು ನಿಲ್ಲದಾಗ ಊರಿನವರು ಹೆಳವ ಅಂದರು, ಇಲ್ಲಿನವರು ನೊಂಡಿ ಅಂದರು, ನಾದಿನಿ ಕರ್ಮ ಅಂದಳು. ಎರಡು ಭಾಷೆಯಲ್ಲೂ ಆ ಮಗುವಿಗೆ ಇದ್ದದ್ದು ಬೈಗುಳ ಮಾತ್ರ. ಎಗ್ಮೂರಿನ ಒಬ್ಬ ಮುದಿ ಡಾಕ್ಟರು ಚೀಟಿಯ ಮೇಲೆ ಸ್ಪಾಸ್ಟಿಕ್ ಎಂಬ ಇಂಗ್ಲಿಷ್ ಶಬ್ದ ಬರೆದುಕೊಟ್ಟರು, ಸ್ನಾಯು ಬಿಗಿದದ್ದು ಎಂದಷ್ಟೇ ಅರ್ಥ. ಸುಮಿತ್ರಮ್ಮ ಆ ಚೀಟಿಯನ್ನು ಮನೆಗೆ ತಂದು ಅತ್ತೆಯ ಮುಂದೆ ನಿಂತು ಓದಿದರು. ಮೂರು ಸಲ. ಅದರಲ್ಲಿ ಪಾಪವೂ ಇರಲಿಲ್ಲ, ಕರ್ಮವೂ ಇರಲಿಲ್ಲ. ತೊಳೆದಿಟ್ಟ ಸ್ಟೀಲ್ ತಟ್ಟೆಯಂಥ ಮಾತು.

ಆಮೇಲೆ ಕೇಂದ್ರ ಕಟ್ಟಿದಾಗ ಅದೇ ಮಾತನ್ನು ಬೋರ್ಡಿಗೆ ಏರಿಸಿದರು. ಅಂದಿನಿಂದ ಹೊಸ ತಾಯಿ ಬಂದರೆ ಸುಮಿತ್ರಮ್ಮ ಅವಳ ಎರಡೂ ಕೈ ಹಿಡಿದುಕೊಂಡು, ಆ ಬೋರ್ಡಿನ ಕೆಳಗೆ ನಿಲ್ಲಿಸಿಕೊಂಡು ಹೇಳಿಸುತ್ತಿದ್ದರು. ಎರಡನೇ ಸಲಕ್ಕೆ ಅಳದ ತಾಯಿಯನ್ನು ಬೃಂದಾ ನೋಡಿರಲಿಲ್ಲ. ಮೂರನೇ ಸಲಕ್ಕೆ ದನಿ ಗಟ್ಟಿಯಾಗದವಳನ್ನೂ ನೋಡಿರಲಿಲ್ಲ.

ಒಮ್ಮೆ, ಎರಡು ವರ್ಷದ ಹಿಂದೆ, ಸುಮಿತ್ರಮ್ಮ ಇಲ್ಲದ ದಿನ ರೆಡ್‌ಹಿಲ್ಸಿನಿಂದ ಒಬ್ಬ ಅಪ್ಪ ಮಗಳನ್ನು ಹೊತ್ತು ತಂದಿದ್ದ. ಬೃಂದಾ ತಾನೇ ಅವನ ಕೈಲಿ ಹೇಳಿಸಿದ್ದಳು. ಅದು ಗೊತ್ತಾದಾಗ ಸುಮಿತ್ರಮ್ಮ ಸಿಟ್ಟಾಗಿರಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿ ಕೂರಿಸಿಕೊಂಡು ಒಂದೇ ಮಾತು ಹೇಳಿದ್ದರು. ಆಟೊದಲ್ಲಿ ಬರುವಾಗ ಆ ಮಾತನ್ನು ನೆನೆಯದೆ ಇರಲು ಬೃಂದಾ ಅಂಗಡಿಗಳ ಬೋರ್ಡು ಎಣಿಸಿದ್ದಳು.

“ವಾ ಕಣ್ಣು, ವಾ!” ಸುಮಿತ್ರಮ್ಮ ವರಾಂಡದಲ್ಲಿ ಮಗನಿಗೆ ಮೊಸರನ್ನ ತಿನ್ನಿಸುತ್ತಿದ್ದರು. ಎಪ್ಪತ್ತು ದಾಟಿದ ಸಣ್ಣ ಜೀವ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅರ್ಧ ತಮಿಳು ಬೆರೆತ ಕನ್ನಡ. “ಪ್ಯಾಕಿಂಗ್ ಎಲ್ಲ ಮುಡಿಸಿದ್ಯಾ? ಅಲ್ಲಿ ಚಳಿಯಾಮೆ, ಉಣ್ಣೆ ಕಾಲ್ಚೀಲ ತಗೊಂಡ್ಯಾ? ಏನೇ ಇದು, ಮುಖ ಹಿಂಗ್ ಬಾಡೋಗಿದೆ? ಊಟ ಆಯ್ತಾ?”

“ಆಯ್ತಮ್ಮ,” ಎಂದು ಸುಳ್ಳಾಡಿದಳು.

ಗಾಲಿಕುರ್ಚಿಯಲ್ಲಿದ್ದ ಶಿವರಂಜನ್ ತಲೆ ಒಂದು ಕಡೆಗೆ ವಾಲಿಸಿ ನಕ್ಕ. ಮೂವತ್ತೈದರ ಗಂಡಸು, ಗಡ್ಡದಲ್ಲಿ ಎರಡು ಅಗುಳು. ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವನು, ಒಂದೊಂದು ಶಬ್ದಕ್ಕೂ ಮೈಯೆಲ್ಲ ದುಡಿಸಿ. “ಲಂಡನ್... ಮಹಾರಾಣಿ,” ಎಂದ.

ಬೃಂದಾ ಕೂರಲಿಲ್ಲ. ಗಡಿಯಾರದಲ್ಲಿ ಎರಡೂವರೆ. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದಳು. ವಿಡಿಯೋ ಕರೆ, ರೇಚಲ್, ಕೆಂಪು ಬಸ್ಸು, ಕ್ಯಾಮೆರಾಕ್ಕೆ ಅಡ್ಡ ಬಂದ ಅಂಗೈ. ಕೊನೆಗೆ ಆ ಮಾತು ಅಲ್ಲಿ ಏನೆಂಬುದು. ಅದನ್ನು ಹೇಳುವಾಗ ಶಿವರಂಜನನ ಕಡೆ ನೋಡದಿರಲು ಪ್ರಯತ್ನಿಸಿದಳು, ಆಗಲಿಲ್ಲ.

ಸುಮಿತ್ರಮ್ಮನ ಕೈಯ ಚಮಚ ನಡುದಾರಿಯಲ್ಲಿ ನಿಂತಿತ್ತು. “ಯಾರ್ ಸೊಲ್ಲಿದ್ದು ನಿಂಗೆ?”

“ಇಂಗ್ಲಿಷ್ ಮೇಡಂ. ಅಲ್ಲಿ ಮಕ್ಕಳು ಒಬ್ಬರನ್ನೊಬ್ರು ಅಟ್ಟಾಡ್ಸಕ್ಕೆ... ಹೆಳವ ಅಂತೀವಲ್ಲಮ್ಮ, ಅದಕ್ಕಿಂತ ಕೆಟ್ಟದಂತೆ.”

“ಪೊಯ್. ಡಾಕ್ಟರ್ ಬರ್ಕೊಟ್ಟ ಮಾತು ಅದು.”

“ಪೊಯ್ ಇಲ್ಲೆ ಮ್ಮಾ,” ಎಂದ ಶಿವರಂಜನ್.

ಸುಳ್ಳಲ್ಲ ಅಮ್ಮ. ಇಬ್ಬರೂ ಅವನತ್ತ ತಿರುಗಿದರು. ಅವನ ಕತ್ತಿನ ನರ ಉಬ್ಬಿತ್ತು. ಆರು ವರ್ಷದ ಹಿಂದೆ, ಎಂದು ತಮಿಳು, ಇಂಗ್ಲಿಷು, ಸಿಕ್ಕಷ್ಟು ಕನ್ನಡ ಕಲೆಸಿಕೊಂಡು ಹೇಳತೊಡಗಿದ. ಕಂಪ್ಯೂಟರಿನಲ್ಲಿ ಚೆಸ್ ಆಡುತ್ತಿದ್ದಾಗ ಇಂಗ್ಲೆಂಡಿನ ಮೂವರು ಸಿಕ್ಕಿದ್ದರು. ಎಲ್ಲಿದ್ದೀಯ ಎಂದು ಕೇಳಿದರು. ಅವನು ಕೇಂದ್ರದ ಹೆಸರು ಬರೆದ, ಬೋರ್ಡಿನಲ್ಲಿದ್ದ ಹಾಗೆಯೇ. ಆಮೇಲೆ ಅವರು ಆಟ ಆಡಲಿಲ್ಲ. ಆ ಒಂದು ಶಬ್ದವನ್ನೇ ಬರೆಯುತ್ತ ಹೋದರು, ಸಾಲಿನ ಕೆಳಗೆ ಸಾಲು, ಪರದೆ ತುಂಬುವ ತನಕ. ಅವನ ಬೆರಳು ಮುಚ್ಚುವ ಗುಂಡಿಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಅವನು ಅದನ್ನು ಓದಬೇಕಾಯಿತು.

“ಏಂಡಾ, ನಂಗ್ ಯಾಕ್ ಹೇಳ್ಲಿಲ್ಲ?”

“ನೀ... ಪ್ರತಿ ದೀಪಾವಳಿ... ಬೋರ್ಡಿಗೆ... ಪೇಂಟ್... ಹೊಡೆಸ್ತೀಯ,” ಎಂದ ಅವನು, ಅಪರೂಪಕ್ಕೆ ಇಡೀ ವಾಕ್ಯ ಕನ್ನಡದಲ್ಲಿ.

ಗೇಟಿನಾಚೆ ಹಾಲಿನ ಲಾರಿಯೊಂದು ಹಿಂದೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು. ಸುಮಿತ್ರಮ್ಮ ಸೆರಗಿನಿಂದ ಮಗನ ಗಡ್ಡದ ಅಗುಳು ಒರೆಸಿದರು, ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

ಬೃಂದಾಳ ಚೀಲದಲ್ಲಿ ಫೋನು ಗುಂಯ್ಗುಟ್ಟಿತು. ಶ್ರೀನಾಥ್. ಎರಡು ಐವತ್ತು. ಈಗ ಕೊಡದಿದ್ದರೆ ಇನ್ನೆಂದೂ ಕೊಡಲಾಗುವುದಿಲ್ಲ. ಹಾಳೆಯನ್ನು ಬಿಡಿಸಿ ಮುಂದೆ ಹಿಡಿದಳು.

“ಏಜೆನ್ಸಿಯೋರು ಕೊಟ್ಟಿದ್ದಾರಮ್ಮ. ನೀವು ಒಂದು ಸೈನ್ ಹಾಕಿದ್ರೆ ನನ್ ಕೆಲ್ಸ ಉಳಿಯತ್ತೆ. ಇಲ್ದಿದ್ರೆ ವೀಸಾನೂ ಇಲ್ಲ, ಹೆಸರೂ ಇಲ್ಲ.”

ಸುಮಿತ್ರಮ್ಮ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಓದಿದರು. ಮೂವತ್ತು ವರ್ಷ ಸರ್ಕಾರಕ್ಕೆ, ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದವರು, ಒಂದು ಅಕ್ಷರ ಬಿಡದೆ ಬೆರಳಿಟ್ಟು ಓದುವವರು. ಬೆರಳು ಮೂರನೇ ಸಾಲಿನಲ್ಲಿ ನಿಂತಿತು.

“ಇದ್ರಲ್ಲಿ ಏನೋ ಬರ್ದಿದೆ. ಯಾವ ತಾಯಿ ಬಂದ್ರೂ ಹೇಳ್ಸು ಅಂತ ನಾನು ನಿಂಗೆ ಟ್ರೈನಿಂಗ್ ಕೊಟ್ಟೆ ಅಂತ. ಕೊಟ್ನಾ?”

ಬೃಂದಾ ನೆಲ ನೋಡಿದಳು.

“ಆ ರೆಡ್‌ಹಿಲ್ಸ್ ಅಪ್ಪ ಬಂದು ಹೋದ್ಮೇಲೆ ನಿಂಗೆ ಏನಂದೆ, ಸೊಲ್ಲು.”

“ನೀವು... ನೀವಂದ್ರಿ,” ಎಂದಳು ಬೃಂದಾ, “ಇದನ್ನ ಹೊತ್ತು ಹೆತ್ತೋಳು ಮಾತ್ರ ಇನ್ನೊಬ್ಬಳ ಕೈಲಿ ಹೇಳಿಸ್ಬಹುದು. ನಿನ್ ಬಾಯಿಂದ ಅದು ಬೇಡ ಅಂದ್ರಿ.”

“ಮತ್ತೆ?”

“ಅವ್ರು ಅತ್ರು ಅಮ್ಮ. ಯಾರಿಗೂ ಹೇಳ್ಕೊಳಕ್ಕೆ ಆಗಲ್ಲ ಅಂದ್ರು. ನಂಗೆ ನೀವೇ ನೆನಪಾದ್ರಿ. ನಿಮ್ ಥರಾನೇ ಮಾಡೋಣ ಅಂತ... ಮಾತಿನ ವಿಷ ನಂಗೆ ಗೊತ್ತಿರ್ಲಿಲ್ಲ. ನಿಮಗೂ ಗೊತ್ತಿರ್ಲಿಲ್ಲ.”

“ಇಲ್ಲ, ನಂಗೂ ಗೊತ್ತಿರ್ಲಿಲ್ಲ.” ಸುಮಿತ್ರಮ್ಮ ಎದ್ದು ವರಾಂಡದ ಕಂಬಿ ಹಿಡಿದುಕೊಂಡು ಗೇಟಿನ ಕಡೆ ನೋಡಿದರು. ಒಳಗಿನಿಂದ ಬೋರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು, ತುಕ್ಕು ಹಿಡಿದ ತಗಡು, ನಾಲ್ಕು ಬೋಲ್ಟು. “ಆ ಮಗು ಹೆಸರೇನಂದೆ?”

“ಟಾಬಿ.”

“ಕೇಳಿಸ್ಕೊಂಡ್ನಾ ಅವ್ನು?”

ಬೃಂದಾ ಅಷ್ಟು ಹೊತ್ತು ಕೇಳಿಕೊಳ್ಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದೊಂದೇ. ಕೆಂಪು ಬಸ್ಸಿನತ್ತ ಚಾಚಿದ್ದ ಕೈ ನೆನಪಾಯಿತು. ಕೊನೆಯಲ್ಲಿ ಅದು ಚಾಚುವುದನ್ನು ನಿಲ್ಲಿಸಿತ್ತೆ?

“ಗೊತ್ತಿಲ್ಲಮ್ಮ. ಅಷ್ಟರಲ್ಲಿ ಕೈ ಅಡ್ಡ ಬಂತು.”

ಮತ್ತೆ ಫೋನು. ಈ ಸಲ ಮೆಸೇಜು: ಎಲ್ಲಿ? ಐದು ನಿಮಿಷ ಇದೆ. ಬೃಂದಾ ಚೀಲದಿಂದ ಪೆನ್ನು ತೆಗೆದು ಟೊಪ್ಪಿ ಬಿಚ್ಚಿದಳು.

“ಅಮ್ಮಾ, ಅವ್ರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ನಿಮ್ಗೇನೂ ಆಗಲ್ಲ. ಒಂದು ಕಾಗದ ಅಷ್ಟೆ. ಕಾಲಿಗೆ ಬೀಳ್ತೀನಿ.”

ಸುಮಿತ್ರಮ್ಮ ತಿರುಗಿದರು. ಪೆನ್ನನ್ನು ನೋಡಿದರು, ಮಗನನ್ನು ನೋಡಿದರು. ಶಿವರಂಜನ್ ಕಣ್ಣು ಮಿಟುಕಿಸದೆ ಅಮ್ಮನನ್ನೇ ನೋಡುತ್ತಿದ್ದ.

“ಬೋರ್ಡ್ ನಾಳೇನೇ ಇಳಿಸ್ತೀನಿ,” ಎಂದರು ಅವರು. “ಗೊತ್ತಿಲ್ದೆ ಆಯ್ತು, ಕ್ಷಮ್ಸಿ ಅಂತ ಆ ತಾಯಿಗೆ ಇವತ್ತೇ ನನ್ ಕೈಯಾರೆ ಬರೀತೀನಿ. ಇದಕ್ಕೆ ಸೈನ್ ಹಾಕಲ್ಲ.”